ಒಂದೇ ಅಂಗಳದಲ್ಲಿ ಶಟಲ್ಲೂ ಕ್ರಿಕೆಟ್ಟೂ: ನೋಟಿಸಿನಲ್ಲಿ ಏನು ಹಾಕಬೇಕು?

ಪ್ರಶ್ನೆ (ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಶಿವಮೊಗ್ಗ): ನಮ್ಮಲ್ಲಿ 60 ಅಡಿ ಉದ್ದ, 30 ಅಡಿ ಅಗಲದ ಕಾಂಕ್ರೀಟ್ ಅಂಗಳ ಒಂದೇ. ಶಟಲ್‌ನವರಿಗೂ ಕ್ರಿಕೆಟ್ ಹುಡುಗರಿಗೂ ದಿನಾ ಜಗಳ. ಮಳೆಗಾಲದಲ್ಲಿ ಜಾರೋದು ಬೇರೆ. ನೋಟಿಸಿನಲ್ಲಿ ಏನು ಬರೀಲಿ?

ಕೋರ್ಟ್ ನೋಡಿಕೊಳ್ಳುವವರು: ಎರಡೂ ಆಟ ಒಟ್ಟಿಗೆ ಬೇಡ ಅಂತ ಮೊದಲ ಸಾಲಲ್ಲೇ ಹಾಕಿ ಸರ್. ಶಟಲ್ ಕೋರ್ಟೇ 44 ಅಡಿ ಉದ್ದ, 20 ಅಡಿ ಅಗಲ. ಮಿಕ್ಕ ಅಂಚಿನಲ್ಲಿ ಯಾರಾದರೂ ಬ್ಯಾಟ್ ಬೀಸಿದರೆ, ಶಟಲ್ ನೋಡ್ತಾ ಹಿಂದೆ ಸರಿಯುವವರ ತಲೆಗೇ ಬೀಳುತ್ತೆ. ಬೆಳಕಿರುವಾಗ 4ರಿಂದ 6 ಕ್ರಿಕೆಟ್, ಆಮೇಲೆ ಶಟಲ್.

ಶಟಲ್ ಸರದಿಯನ್ನು ಗಡಿಯಾರ ನೋಡಿ ಕೊಡಬೇಡಿ, ಗೇಮ್ ಲೆಕ್ಕದಲ್ಲಿ ಕೊಡಿ. ಸ್ಕೋರು 19-18 ಇದ್ದಾಗ ಟೈಮ್ ಆಯ್ತು ಅಂದರೆ ಯಾರೂ ಇಳಿಯಲ್ಲ. 12 ಜನ ಬಂದರು ಅಂತಿಟ್ಟುಕೊಳ್ಳಿ. ನಾಲ್ವರು ಆಡ್ತಾರೆ, ಎಂಟು ಜನ ಕಾಯ್ತಾರೆ. 21 ಪಾಯಿಂಟಿನ ಡಬಲ್ಸ್‌ಗೆ ಸುಮಾರು 15-20 ನಿಮಿಷ. ಗೆದ್ದವರು ಉಳಿಯೋದಾದರೆ ಪಳಗಿದ ಜೋಡಿ ಸಂಜೆಯಿಡೀ ಕದಲಲ್ಲ. ನಾಲ್ವರೋ ಹೆಚ್ಚೋ ಕಾಯ್ತಿದ್ದರೆ ಒಂದು ಗೇಮ್ ಮುಗಿದ ತಕ್ಷಣ ಎಲ್ಲರೂ ಇಳೀಬೇಕು. ಆಗ ಕೊನೆಯ ನಾಲ್ವರಿಗೂ 40 ನಿಮಿಷದೊಳಗೆ ಜಾಗ ಸಿಗುತ್ತೆ. ಇಬ್ಬರೇ ಕಾಯ್ತಿದ್ದರೆ ಸೋತವರು ಇಳಿಯಲಿ, ಗೆದ್ದವರಿಗೆ ಸತತ ಎರಡೇ ಗೇಮ್. ಹೆಸರನ್ನು ಹಲಗೆ ಮೇಲೆ ಬರೆಸಿ. ರಾಕೆಟ್ ಇಟ್ಟು ಮನೆಗೆ ಹೋದವರ ಸರದಿ ಲೆಕ್ಕಕ್ಕಿಲ್ಲ.

ಕ್ರಿಕೆಟ್‌ಗೆ ಮುಂಚೆ ನೆಟ್ ಪೂರ್ತಿ ಬಿಚ್ಚಿ. ಅರ್ಧ ಇಳಿಸಿ ಬಿಟ್ಟ ನೆಟ್ಟಿನ ಹಗ್ಗ ಮುಸ್ಸಂಜೆಯಲ್ಲಿ ಕಾಣಲ್ಲ, ಓಡೋ ಮಗುವಿನ ಕುತ್ತಿಗೆ ಮಟ್ಟಕ್ಕೇ ಇರುತ್ತೆ.

ಇನ್ನೊಬ್ಬರು: ಜಾರೋದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಹೋಗಲಿಲ್ಲ ಅಂದ್ರೆ ಟಾಯ್ಲೆಟ್ ಆಸಿಡ್ ಸೇರಿಸಿ. ಒಳ್ಳೆ ಶೂ ಇದ್ದರೆ ಅದೂ ಬೇಡ.

ಕೋರ್ಟ್ ನೋಡಿಕೊಳ್ಳುವವರು: ಬ್ಲೀಚಿಂಗ್ ಸರಿ, ಆದರೆ ಆಸಿಡ್ ಬೆರೆಸಲೇಬೇಡಿ! ಕ್ಲೋರಿನ್ ಅನಿಲ ಏಳುತ್ತೆ, ಉಜ್ಜೋರಿಗೆ ಉಸಿರು ಕಟ್ಟುತ್ತೆ. ಕಾಂಕ್ರೀಟೂ ಸವೆಯುತ್ತೆ. ಬ್ಲೀಚಿಂಗ್ ನೀರು ಹಾಕಿ ಕಾಲು ಗಂಟೆ ಬಿಡಿ, ಕಡ್ಡಿ ಪೊರಕೆಯಲ್ಲಿ ಉಜ್ಜಿ ತೊಳೀರಿ. ನಮ್ಮ ಮಲೆನಾಡ ಮಳೇಲಿ ಪಾಚಿ ಮತ್ತೆ ಬರುತ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರ ನೋಡಬೇಕು. ನೀರು ಆರಿದ್ದರೂ ನಂಬಬೇಡಿ. ಬಿಳಿ ಬಟ್ಟೆ ಒದ್ದೆ ಮಾಡಿ ನೆಲ ಉಜ್ಜಿ. ಹಸಿರು ಅಂಟಿದರೆ ಆ ದಿನ ಆಟ ಬೇಡ. ಒದ್ದೆ ಪಾಚಿ ಮೇಲೆ ಯಾವ ಶೂ ಕೂಡ ಹಿಡಿಯಲ್ಲ.

ಗೃಹಿಣಿ, ಸಾಗರ: ನಮ್ಮ ಕಾರಿನ ಗಾಜು ಒಡೆದಿತ್ತು. ದುಡ್ಡು ಯಾರು ಕೊಡ್ಬೇಕು ಅಂತ ನೋಟಿಸಲ್ಲಿ ಬೇಡ್ವಾ?

ಕೋರ್ಟ್ ನೋಡಿಕೊಳ್ಳುವವರು: ಅದು ಸಭೇಲಿ ತೀರ್ಮಾನ ಆಗ್ಬೇಕು ಅಮ್ಮಾ, ಕಾರ್ಯದರ್ಶಿ ಒಬ್ಬರೇ ಬರೆದರೆ ನಿಲ್ಲಲ್ಲ. ಒಡೆಯದ ಹಾಗೆ ನೋಡ್ಕೊಳ್ಳೋದು ಕೈಲಿದೆ. ಲೆದರ್ ಬಾಲ್ ಸುಮಾರು 160 ಗ್ರಾಂ, ಮಾಮೂಲಿ ಟೆನಿಸ್ ಬಾಲ್ 60ರೊಳಗೆ. ಹಗುರದ್ದು ಮಾತ್ರ ಬಿಡಿ, ಬ್ಯಾಟ್ಸ್‌ಮನ್ ಮುಖ ಗೋಡೆ ಕಡೆಗಿರಲಿ, ಗೋಡೆ ದಾಟಿದರೆ ಔಟ್.

ಕಾರ್ಯದರ್ಶಿ: ಔಟ್ ನಿಯಮ ಹುಡುಗರು ಒಪ್ತಾರೆ. ಭಾನುವಾರ ಬೆಳಗ್ಗೆ ಯಾರಿಗೆ ಅನ್ನೋದು ಇನ್ನೂ ಬಗೆಹರಿದಿಲ್ಲ, ಅದನ್ನೂ ಸಭೆಗೇ ಇಡ್ತೀನಿ.