ಪದಚರ್ಚೆ: ‘ವಾಲ್ಯೂಮ್ ಇಲ್ಲದ ಬ್ರೇಕ್‌ಔಟ್’ ಎಂದರೆ ಏನರ್ಥ?

ಬದಿಯಡ್ಕದಿಂದ:

ಮಾನ್ಯರೇ, ನಮ್ಮ ವಾಚನಾಲಯಕ್ಕೆ ಬರುವ, ಶೇರುಪೇಟೆಗೆ ಹೊಸಬರಾದ ಕೆಲವರಿಗಾಗಿ ಒಂದು ಕಿರುಟಿಪ್ಪಣಿಯನ್ನು ಸಿದ್ಧಪಡಿಸುತ್ತಿದ್ದೇನೆ. ‘ವಾಲ್ಯೂಮ್ ಇಲ್ಲದ ಬ್ರೇಕ್‌ಔಟನ್ನು ನಂಬಬೇಡಿ’ ಎಂಬ ಮಾತು ಎಲ್ಲೆಡೆ ಕಾಣಸಿಗುತ್ತದೆ. ಬಹುಕಾಲ ದಾಟಲಾಗದಿದ್ದ ಮಟ್ಟವನ್ನು ಬೆಲೆ ದಾಟಿದರೆ ಅದು ಬ್ರೇಕ್‌ಔಟ್ ಎಂಬುದು ತಿಳಿದಿದೆ. ಆದರೆ ಶೇರು ಕೈಬದಲಾಗದೆ ಹೊಸ ಬೆಲೆಯೇ ಹುಟ್ಟುವುದಿಲ್ಲ. ಹಾಗಿರುವಾಗ ‘ವಾಲ್ಯೂಮ್ ಇಲ್ಲದ’ ಎಂಬುದರ ಅರ್ಥವೇನು? ‘ವಹಿವಾಟಿನ ಪ್ರಮಾಣ’ ಎಂದು ಬರೆದರೆ ಸರಿಯಾದೀತೇ?

ಕುಂಬಳೆಯಿಂದ:

ಇಲ್ಲಿ ವಾಲ್ಯೂಮ್ ಎಂದರೆ ಕೊಳ್ಳುವವರ ಒತ್ತಡ. ಕೊಳ್ಳುವವರು ಮಾರುವವರಿಗಿಂತ ಹೆಚ್ಚಾದ ದಿನ ವಾಲ್ಯೂಮ್ ಏರುತ್ತದೆ. ಮೂರು ನಾಲ್ಕು ಮಂದಿ ಮಾತ್ರ ಕೊಂಡು ಬೆಲೆ ಏರಿಸಿದರೆ ಅದು ವಾಲ್ಯೂಮ್ ಇಲ್ಲದ ಏರಿಕೆ. ಆದ್ದರಿಂದ ‘ಬೇಡಿಕೆಯ ಬೆಂಬಲವಿಲ್ಲದ’ ಎಂದೇ ಬರೆಯಬಹುದು.

ನೀರ್ಚಾಲಿನಿಂದ:

ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಾವು ಅಡಿಕೆ ಬೆಳೆಯುವವರು. ಮಾರುಕಟ್ಟೆಗೆ ಆವಕ ಹೆಚ್ಚಿದರೆ ಧಾರಣೆ ಇಳಿಯುತ್ತದೆ ಎಂಬುದೇ ನಮ್ಮ ಅನುಭವ. ಶೇರಿನಲ್ಲಿ ಮಾತ್ರ ಪ್ರಮಾಣ ಹೆಚ್ಚಾದರೆ ಏರಿಕೆಯನ್ನು ನಂಬಬಹುದೆಂದು ಹೇಳುವುದು ಹೇಗೆ?

ಮಂಜೇಶ್ವರದಿಂದ:

ಶೇರು ದಲ್ಲಾಳಿ ಸಂಸ್ಥೆಯೊಂದರಲ್ಲಿ ಬಹುಕಾಲ ದುಡಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನೀರ್ಚಾಲಿನವರು ಹೇಳಿದ ಆವಕವು ಮಾರಾಟಕ್ಕೆ ಬಂದ ಸರಕು. ವಾಲ್ಯೂಮ್ ಎಂಬುದು ಮಾರಾಟವಾಗಿ ಮುಗಿದ ಸರಕು. ಕುಂಬಳೆಯವರ ವಿವರಣೆಯಲ್ಲಿಯೂ ಒಂದು ತಿದ್ದುಪಡಿ ಬೇಕು. ಕೊಂಡ ಪ್ರತಿ ಶೇರನ್ನೂ ಯಾರೋ ಒಬ್ಬರು ಮಾರಿರುತ್ತಾರೆ. ಆದ್ದರಿಂದ ಕೊಂಡದ್ದೂ ಮಾರಿದ್ದೂ ಯಾವಾಗಲೂ ಸಮ, ಮತ್ತು ಆ ಅಂಕಿಯೊಂದರಿಂದಲೇ ಒತ್ತಡ ಯಾವ ಕಡೆಯದೆಂದು ತಿಳಿಯುವುದಿಲ್ಲ. ಕಡೆಯನ್ನು ಹೇಳುವುದು ಬೆಲೆ. ಆ ಬೆಲೆಯನ್ನು ಎಷ್ಟು ಶೇರುಗಳ ಮಟ್ಟಿಗೆ ಪೇಟೆ ಒಪ್ಪಿತು ಎಂಬುದನ್ನು ಹೇಳುವುದು ವಾಲ್ಯೂಮ್. ‘ಇಲ್ಲದ’ ಎಂಬುದರ ಅರ್ಥ ಸೊನ್ನೆ ಎಂದಲ್ಲ, ಆ ಶೇರಿನ ವಾಡಿಕೆಗಿಂತ ಹೆಚ್ಚಿಲ್ಲದ ಎಂದು.

ಲೆಕ್ಕಕ್ಕಾಗಿ ಒಂದು ಶೇರನ್ನು ಊಹಿಸಿಕೊಳ್ಳಿ. ಎರಡು ತಿಂಗಳಿನಿಂದ ಅದು 200 ರೂಪಾಯಿಯವರೆಗೆ ಬಂದು ಮತ್ತೆ ಮತ್ತೆ ಹಿಂದಿರುಗುತ್ತಿದೆ, ಮತ್ತು ಹಿಂದಿನ 20 ದಿನಗಳ ಸರಾಸರಿ ವಾಲ್ಯೂಮ್ 4 ಲಕ್ಷ. ಒಂದು ದಿನ ಅದು 204ರಲ್ಲಿ ಮುಗಿಯುತ್ತದೆ, ಆದರೆ ವಾಲ್ಯೂಮ್ 3.2 ಲಕ್ಷ ಮಾತ್ರ. 200ರ ಬಳಿ ಮಾರಲು ಕಾದಿದ್ದವರು ಆ ದಿನ ಮಾರಿಯೇ ಇಲ್ಲದಿರಬಹುದು; ಅವರು ಮರಳಿ ಬಂದರೆ ಬೆಲೆ ಸುಲಭವಾಗಿ 196ಕ್ಕೆ ಜಾರುತ್ತದೆ. ಇನ್ನೊಮ್ಮೆ ಅದೇ ಶೇರು 206ರಲ್ಲಿ ಮುಗಿದು, ವಾಲ್ಯೂಮ್ 11 ಲಕ್ಷವಾದರೆ, ಅಂದರೆ ಸರಾಸರಿಯ ಎರಡೂವರೆ ಪಟ್ಟಿಗಿಂತ ಹೆಚ್ಚಾದರೆ, ಮಾರಲು ಬಂದ ಸರಕನ್ನೆಲ್ಲ ಯಾರೋ ಮೇಲಿನ ಬೆಲೆಗೇ ಕೊಂಡುಕೊಂಡರು ಎಂದಾಗುತ್ತದೆ. ಮುಂದಿನ ದಿನಗಳಲ್ಲಿ ಬೆಲೆ 201ರವರೆಗೆ ಇಳಿದರೂ ಆಗಿನ ವಾಲ್ಯೂಮ್ 2.5 ಲಕ್ಷದಷ್ಟೇ ಇದ್ದರೆ ಮಾರುವ ಅವಸರ ಯಾರಿಗೂ ಇಲ್ಲವೆಂದು ತಿಳಿಯಬಹುದು. ನಾನು ಹೆಚ್ಚು ಮಹತ್ವ ಕೊಡುವುದು ಇಳಿಕೆಯ ಹೊತ್ತಿನ ಈ ಎರಡನೆಯ ಗುರುತಿಗೆ. ಅದಕ್ಕೆ ಬದಲಾಗಿ 11 ಲಕ್ಷ ಶೇರುಗಳು ಕೈಬದಲಾಗಿಯೂ, ದಿನದ ನಡುವೆ 209 ಮುಟ್ಟಿದ ಬೆಲೆ ಕೊನೆಗೆ 199ರಲ್ಲಿ ಮುಗಿದರೆ, ಅಷ್ಟು ದೊಡ್ಡ ವಾಲ್ಯೂಮ್ ಮಾರಿ ಹೊರಬಿದ್ದವರ ಸಾಕ್ಷಿಯಾಗುತ್ತದೆ.

ಇನ್ನು, ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರಿದ ಶೇರುಗಳೂ ವಾಲ್ಯೂಮ್‌ನಲ್ಲಿ ಸೇರುತ್ತವೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ದಿನವೂ ಪ್ರಕಟಿಸುವ ಡೆಲಿವರಿ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಅದರಲ್ಲಿ ಎಷ್ಟು ಭಾಗ ನಿಜವಾಗಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಯಿತೆಂದು ತಿಳಿಯುತ್ತದೆ.

ಬದಿಯಡ್ಕದಿಂದ:

ಉಪಕಾರವಾಯಿತು. ಒಂದು ಸಂದೇಹ ಉಳಿದಿದೆ. ಬೆಳಗ್ಗೆ 10 ಗಂಟೆಗೆ ಬೆಲೆ ಮಟ್ಟವನ್ನು ದಾಟಿದಾಗ ವಾಲ್ಯೂಮ್ 1.5 ಲಕ್ಷ ಇದ್ದರೆ, ಅದನ್ನು ಕಡಿಮೆ ಎನ್ನಬೇಕೇ?

ಮಂಜೇಶ್ವರದಿಂದ:

ಅನ್ನಲಾಗದು. ಪೇಟೆ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ, ಮೊದಲ ಹೊತ್ತಿನಲ್ಲಿಯೂ ಕೊನೆಯ ಹೊತ್ತಿನಲ್ಲಿಯೂ ವಹಿವಾಟು ದಟ್ಟವಾಗಿದ್ದು ನಡುವೆ ತೆಳುವಾಗುವುದು ವಾಡಿಕೆ. ಆದ್ದರಿಂದ 10 ಗಂಟೆಯ ಅಂಕಿಯನ್ನು ಹಿಂದಿನ ದಿನಗಳ 10 ಗಂಟೆಯ ಅಂಕಿಗೇ ಹೋಲಿಸಬೇಕು, ಇಲ್ಲವೇ ಸಂಜೆಯವರೆಗೆ ಕಾಯಬೇಕು. ಹೊಸಬರಿಗೆ ಕಾಯುವುದನ್ನೇ ಹೇಳಿ. ಶೇರು ವಿಭಜನೆಯಾಗಿದ್ದರೆ ಸರಾಸರಿಯನ್ನೂ ತಿದ್ದಿಕೊಳ್ಳಬೇಕು. ಒಂದು ಶೇರು ಐದಾದ ಮೇಲೆ ಹಳೆಯ 4 ಲಕ್ಷವನ್ನು 20 ಲಕ್ಷವೆಂದೇ ಎಣಿಸಬೇಕು.

ಕುಂಬಳೆಯಿಂದ:

ಕೊಂಡದ್ದೂ ಮಾರಿದ್ದೂ ಸಮ ಎಂಬುದನ್ನು ಒಪ್ಪುತ್ತೇನೆ. ಆದರೆ ಎಷ್ಟು ಪಟ್ಟು ಎಂಬುದು ಸ್ಪಷ್ಟವಾಗಲಿಲ್ಲ. ಒಂದೂವರೆ ಪಟ್ಟು ಸಾಕೆಂದು ಕೆಲವರು, ಎರಡು ಪಟ್ಟು ಬೇಕೆಂದು ಕೆಲವರು ಹೇಳುತ್ತಾರೆ. ದಿನಕ್ಕೆ ಕೆಲವೇ ಸಾವಿರ ಶೇರುಗಳು ಕೈಬದಲಾಗುವ ಚಿಕ್ಕ ಕಂಪನಿಯಲ್ಲಿ ಒಬ್ಬನೇ ಮನಸ್ಸು ಮಾಡಿದರೆ ಐದು ಪಟ್ಟಾಗುತ್ತದೆ. ಹಾಗಾದರೆ ಟಿಪ್ಪಣಿಯಲ್ಲಿ ಪಟ್ಟಿನ ಸಂಖ್ಯೆಯನ್ನು ಬರೆಯುವುದೇ ಬೇಡವೇನೋ.

ಬದಿಯಡ್ಕದಿಂದ:

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಆ ಶೇರಿನ ವಾಡಿಕೆಯ ವಹಿವಾಟಿಗಿಂತ ಸ್ಪಷ್ಟವಾಗಿ ಹೆಚ್ಚು ಶೇರುಗಳು ಕೈಬದಲಾಗದೆ, ಬೆಲೆ ಹಳೆಯ ಮಟ್ಟವನ್ನು ದಾಟಿ ಮುಗಿದರೆ, ಆ ದಾಟುವಿಕೆಯನ್ನು ಇನ್ನೂ ನಂಬಬಾರದು.’ ಚಿಕ್ಕ ಕಂಪನಿಗಳ ವಿಷಯದಲ್ಲಿ ಏನು ಸೇರಿಸಬೇಕೆಂದು ಮಂಜೇಶ್ವರದವರು ತಿಳಿಸಿದರೆ ವಾಕ್ಯವನ್ನು ತಿದ್ದುತ್ತೇನೆ.