ಕಸ್ಟಮ್ಸ್‌ನಲ್ಲಿ ಸರಕು ನಿಂತಿದೆ, ಗ್ರಾಹಕರಿಗೆ ಏನಂತ ಬರೆಯೋದು? (ಗುಂಪಿನ ಪ್ರಶ್ನೋತ್ತರ)

ರೇಖಾ, ಪೀಣ್ಯ: ಸರ್, ಬೆಂಗಳೂರು ಏರ್ ಕಾರ್ಗೋದಲ್ಲಿ ನಮ್ಮ 60 ಬಾರ್‌ಕೋಡ್ ಸ್ಕ್ಯಾನರ್ ನಿಂತು ನಾಲ್ಕು ದಿನ ಆಯ್ತು. ಸ್ಕ್ಯಾನರಿಗೂ ಬ್ಯಾಟರಿಗೂ ಬಿಐಎಸ್ ನೋಂದಣಿಯ ಆರ್-ನಂಬರ್ ಇದೆ. ಜೊತೆಗೆ ಬಂದಿರೋ ಅಡಾಪ್ಟರ್ ಮೇಲೆ ಇಲ್ಲ ಅಂತ ಪರೀಕ್ಷೆ ಮಾಡಿದವರು ಬರೆದಿದ್ದಾರೆ. ಹುಬ್ಬಳ್ಳಿ ಗ್ರಾಹಕರಿಗೆ 20ನೇ ತಾರೀಕು ಕೊಡಬೇಕು. ಮ್ಯಾನೇಜರ್ "ರೊಟೀನ್ ಚೆಕಿಂಗ್, ಎರಡು ದಿನದಲ್ಲಿ ಬರುತ್ತೆ ಅಂತ ಹಾಕು" ಅಂತಾರೆ. ಹಾಕಲಾ?

ಗುರುಪ್ರಸಾದ್ (ಕಸ್ಟಮ್ಸ್ ಬ್ರೋಕರ್): ಹಾಕಬೇಡಿ ಮೇಡಂ. ಬಿಲ್ ಆಫ್ ಎಂಟ್ರಿ ನಂಬರ್, ತಾರೀಕು, ಬೆಂಗಳೂರು ಏರ್ ಕಾರ್ಗೋದ INBLR4 ಕೋಡ್ ಇದ್ದರೆ ಕಸ್ಟಮ್ಸ್‌ನ ICEGATE ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಸ್ಥಿತಿ ನೋಡಬಹುದು. ಎರಡು ದಿನ ಅಂತ ಹೇಳಿ ಮೂರನೇ ದಿನ ಸಿಕ್ಕಿಬಿದ್ದರೆ ಆಮೇಲೆ ನಿಜ ಹೇಳಿದರೂ ನಂಬಲ್ಲ.

ಒಂದು ವಿಷಯ ಕೇಳಬೇಕು. ಹಿಂದಿನ ಲಾಟ್‌ಗಳಲ್ಲಿ ಇದೇ ಅಡಾಪ್ಟರ್ ಬಂದಿತ್ತಾ, ಇಲ್ಲ ಸಪ್ಲೈಯರ್ ತಯಾರಕರನ್ನು ಬದಲಿಸಿದ್ದಾರಾ?

ರೇಖಾ: ಬದಲಿಸಿದ್ದಾರೆ ಸರ್. ಇನ್‌ವಾಯ್ಸ್‌ನಲ್ಲಿ "with accessories" ಅಂತ ಅಷ್ಟೇ ಇತ್ತು.

ನಾಗರಾಜ್: ಬಿಐಎಸ್‌ಗೆ ಈಗಲೇ ಅರ್ಜಿ ಹಾಕಿ, ಅಕ್ನಾಲೆಡ್ಜ್‌ಮೆಂಟ್ ತೋರಿಸಿದ್ರೆ ಬಿಡ್ತಾರೆ.

ಗುರುಪ್ರಸಾದ್: ಬಿಡಲ್ಲ. ನೋಂದಣಿ ಆಗೋದು ತಯಾರಕರ ಕಾರ್ಖಾನೆಗೆ, ಆಮದು ಮಾಡಿದವರಿಗಲ್ಲ. ಮಾದರಿ ಇಲ್ಲಿನ ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಪರೀಕ್ಷೆ ಆಗಬೇಕು, ಅದು ವಾರಗಳ ಕೆಲಸ. ಆಮೇಲೆ ಸಿಕ್ಕರೂ ಗುರುತಿಲ್ಲದೆ ಬಂದ ಈ 60 ಅಡಾಪ್ಟರ್‌ಗೆ ಅನ್ವಯ ಆಗಲ್ಲ. ಅದಕ್ಕೆ "ಸರ್ಟಿಫಿಕೇಟ್ ತರಿಸ್ತಾ ಇದ್ದೀವಿ" ಅನ್ನೋ ಸಾಲು ಗ್ರಾಹಕರ ಪತ್ರದಲ್ಲಿ ಬರಲೇಬಾರದು.

ರೇಖಾ ಅವರೇ, ನಿಮ್ಮ ಕೇಸಿನಲ್ಲಿ ದಾರಿ ಇದೆ. ಸಿಕ್ಕಿಬಿದ್ದಿರೋದು ಅಡಾಪ್ಟರ್, ಸ್ಕ್ಯಾನರ್ ಅಲ್ಲ. ಅಡಾಪ್ಟರ್ ಬೇರ್ಪಡಿಸಿ ಉಳಿದದ್ದನ್ನು ಬಿಡಿ ಅಂತ ಬರವಣಿಗೆಯಲ್ಲಿ ಕೇಳಿ. ಅಡಾಪ್ಟರ್ ವಾಪಸ್ ಕಳಿಸಲು ಅನುಮತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ವಾಪಸ್ ಕಳಿಸದಿದ್ದರೆ ಬಳಸಲಾಗದಂತೆ ಕೆಡಿಸಿ ಗುಜರಿಗೆ ಹಾಕೋದೇ ನಿಯಮ. ಶೋಕಾಸ್ ನೋಟಿಸ್ ಬೇಡ, ನೇರ ತೀರ್ಮಾನ ಮಾಡಿ ಅಂತ ಬರೆದುಕೊಟ್ಟರೆ ಸಮಯ ಉಳಿಯುತ್ತೆ, ಆದರೆ ದಂಡ ಬೀಳುತ್ತೆ ಅಂತ ಒಪ್ಪಿಕೊಂಡೇ ಕೊಡಿ. ಸ್ಕ್ಯಾನರ್, ಬ್ಯಾಟರಿಯ ಬಿಐಎಸ್ ಪತ್ರ, ಬ್ಲೂಟೂತ್‌ಗೆ ಬೇಕಾದ ವೈರ್‌ಲೆಸ್ ಅನುಮತಿ ಡಬ್ಲ್ಯುಪಿಸಿ ಇಟಿಎ, ಎಲ್ಲ ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಕಾಗದ ಕೊಡೋ ಇ-ಸಂಚಿತ್‌ಗೆ ಏರಿಸಿ, ಪ್ರತಿ ಕಾಗದಕ್ಕೆ ಬಂದ ಐಆರ್‌ಎನ್ ನಂಬರನ್ನು ಬಿಲ್ ಆಫ್ ಎಂಟ್ರಿಗೆ ಜೋಡಿಸಿದ ಮೇಲೇ ಅಧಿಕಾರಿಯ ಕ್ವೆರಿಗೆ ಉತ್ತರ ಕೊಡಿ. ಜೋಡಿಸೋದು ಮರೆತು ಬರೀ ಉತ್ತರ ಬರೆದರೆ ಅಧಿಕಾರಿಗೆ ಕಾಗದ ಕಾಣಲ್ಲ, ಅದೇ ಕ್ವೆರಿ ಮತ್ತೆ ಬರುತ್ತೆ.

ಗ್ರಾಹಕರಿಗೆ ಹೀಗೆ ಬರೆಯಿರಿ, ತಾರೀಕು ನಿಮ್ಮದಕ್ಕೆ ಹೊಂದಿಸಿಕೊಳ್ಳಿ:

"ನಿಮ್ಮ ಆರ್ಡರಿನ 60 ಸ್ಕ್ಯಾನರ್ 12ರಂದು ಬೆಂಗಳೂರಿಗೆ ಬಂದಿವೆ. ಜೊತೆಗಿರುವ ಅಡಾಪ್ಟರ್ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇಲ್ಲದ್ದರಿಂದ ಕಸ್ಟಮ್ಸ್ ತಡೆದಿದೆ. ಸಪ್ಲೈಯರ್ ಅಡಾಪ್ಟರ್ ಬದಲಿಸಿದ್ದನ್ನು ನಾವು ಗಮನಿಸಿರಲಿಲ್ಲ. ಸ್ಕ್ಯಾನರಿನ ದಾಖಲೆ ಸರಿಯಾಗಿದೆ. ಅಡಾಪ್ಟರ್ ಬಿಟ್ಟು ಉಳಿದದ್ದನ್ನು ಬಿಡುವಂತೆ 16ರಂದು ಅರ್ಜಿ ಕೊಟ್ಟಿದ್ದೇವೆ. ಆದೇಶ ಯಾವತ್ತು ಬರುತ್ತದೆ ಎಂದು ನಾವು ಹೇಳಲಾಗದು. ನೋಂದಣಿ ಇರುವ 60 ಅಡಾಪ್ಟರ್ ಇಲ್ಲೇ ಕೊಂಡು ನಮ್ಮ ಖರ್ಚಿನಲ್ಲಿ ಕೊಡುತ್ತೇವೆ. 20ರಂದು ಕೆಲಸ ನಿಲ್ಲದಿರಲು ಕನಿಷ್ಠ ಎಷ್ಟು ಸ್ಕ್ಯಾನರ್ ಬೇಕು ತಿಳಿಸಿ, ಬೇರೆ ಸ್ಟಾಕಿನಿಂದ ನೋಡುತ್ತೇವೆ. 18ರ ಸಂಜೆ 4ಕ್ಕೆ ಆದೇಶ ಬಂದಿರಲಿ, ಬಿಡಲಿ, ಫೋನ್ ಮಾಡುತ್ತೇವೆ."

ಕೊನೆಯ ಸಾಲು ಬಿಡಬೇಡಿ. ಹೇಳೋಕೆ ಹೊಸದೇನೂ ಇಲ್ಲದ ದಿನ ಫೋನ್ ಮಾಡದೆ ಇರೋದರಿಂದಲೇ ಜಗಳ ಶುರು ಆಗೋದು. ಇಲ್ಲಿ ಕೊಳ್ಳೋ ಅಡಾಪ್ಟರಿನ ವೋಲ್ಟ್, ಆಂಪಿಯರ್, ಪಿನ್ ಮೂರೂ ಹೊಂದಬೇಕು. ಅದರ ಆರ್-ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಬೇರೆ ಮಾಡೆಲ್‌ನ ನಂಬರ್ ಅಚ್ಚು ಹಾಕಿದ್ದೂ ಮಾರುಕಟ್ಟೆಯಲ್ಲಿ ಸಿಗುತ್ತೆ.

ರೇಖಾ: ತುಂಬಾ ಥ್ಯಾಂಕ್ಸ್ ಸರ್. "ಗಮನಿಸಿರಲಿಲ್ಲ" ಅನ್ನೋ ಸಾಲನ್ನ ಮ್ಯಾನೇಜರ್ ಒಪ್ಪಲ್ಲ.

ಗುರುಪ್ರಸಾದ್: ತೆಗೆದರೆ ತೆಗೀಲಿ. ಅದರ ಜಾಗದಲ್ಲಿ "ಕಸ್ಟಮ್ಸ್‌ನವರು ಸುಮ್ಮನೆ ಸತಾಯಿಸ್ತಾರೆ" ಅಂತ ಮಾತ್ರ ಬರೆಸಬೇಡಿ. ತನಿಖೆ ಬಂದರೆ ಗ್ರಾಹಕರ ಮೇಲ್ ಕೂಡ ಕಡತ ಸೇರುತ್ತೆ.

ಸುಮಾ: ಸರ್ ನನಗೂ ಇದೇ ಸಮಸ್ಯೆ. ಲಂಡನ್‌ನಿಂದ ಗೆಳೆಯರು ಗಿಫ್ಟ್ ಕಳಿಸಿದ್ದಾರೆ, ದೆಹಲಿ ಕಸ್ಟಮ್ಸ್‌ನಿಂದ ಫೋನ್, 35,000 ಯುಪಿಐ ಮಾಡಿ ಅಂತ.

ಗುರುಪ್ರಸಾದ್: ಮೋಸ. ಕಟ್ಟಬೇಡಿ. 1930ಕ್ಕೆ ಫೋನ್ ಮಾಡಿ.

ಶಿವಾನಂದ (ಫಾರ್ವರ್ಡ್): ಎಲ್ಲ ಆಮದುದಾರರ ಗಮನಕ್ಕೆ!! 15 ದಿನದಲ್ಲಿ ಕಸ್ಟಮ್ಸ್ ತೀರ್ಮಾನ ಕೊಡದಿದ್ದರೆ ಸರಕು ತಾನೇ ಬಿಡುಗಡೆ ಆಗುತ್ತದೆ, ಸೆಕ್ಷನ್ 17(5). ಎಲ್ಲ ಗುಂಪಿಗೂ ಕಳಿಸಿ.

ಗುರುಪ್ರಸಾದ್: ಇದನ್ನು ಗ್ರಾಹಕರಿಗೆ ಕಳಿಸಿ ಹಾಳಾಗಬೇಡಿ. ಆ 15 ದಿನ ಇರೋದು ಸುಂಕದ ಮರುನಿರ್ಧಾರ ಮಾಡಿದ ಅಧಿಕಾರಿ ಕಾರಣ ಸಹಿತ ಆದೇಶ ಕೊಡೋಕೆ. ತಾನೇ ಬಿಡುಗಡೆ ಅಂತ ಅಲ್ಲಿ ಎಲ್ಲೂ ಇಲ್ಲ. ಶಿವಾನಂದ, ಫಾರ್ವರ್ಡ್ ಮಾಡೋ ಮುಂಚೆ ಸೆಕ್ಷನ್ ಒಂದ್ಸಲ ಓದಿ.

ನಾಗರಾಜ್: ಸರಕು ತಡೆದಿದ್ದಕ್ಕೆ ಕಸ್ಟಮ್ಸ್‌ನಿಂದ ಡಿಟೆನ್ಷನ್ ಸರ್ಟಿಫಿಕೇಟ್ ತಗೊಳ್ಳಿ ರೇಖಾ, ಗೋಡೌನ್ ಬಾಡಿಗೆ ಪೂರ್ತಿ ಮಾಫಿ. 2009ರ ನಿಯಮ ಇದೆ.

ಇಮ್ರಾನ್: ಪೂರ್ತಿ ಎಲ್ಲಿ ಮಾಫಿ? ಚೆನ್ನೈನಲ್ಲಿ ಸರ್ಟಿಫಿಕೇಟ್ ಕೊಟ್ಟರೂ ಹಡಗಿನ ಲೈನ್ ಕಂಟೇನರ್ ಡಿಟೆನ್ಷನ್ ಚಾರ್ಜ್ ಬಿಡಲಿಲ್ಲ. ಬರೀ ಬಾಯಿ ಮಾತು.

ನಾಗರಾಜ್: ನಿಯಮ ನಿಯಮವೇ. ನಿಮ್ಮ ಬ್ರೋಕರ್‌ಗೆ ಗೊತ್ತಿಲ್ಲದಿದ್ದರೆ ನಾನೇನ್ ಮಾಡ್ಲಿ?

ಇಮ್ರಾನ್: ನೀವು ಒಂದ್ಸಲ ತಂದು ತೋರಿಸಿ, ಆಮೇಲೆ ಹೇಳಿ.

ಗುರುಪ್ರಸಾದ್: ಅರ್ಧ ನಾಗರಾಜ್ ಸರಿ, ಅರ್ಧ ಇಮ್ರಾನ್. ಜಪ್ತಿ ಮಾಡಿದ, ತಡೆಹಿಡಿದ ಸರಕಿಗೆ ಬಾಡಿಗೆ ಹಾಕಬಾರದು ಅಂತ ನಿಯಮ ಇರೋದು ನಿಜ. ಕ್ವೆರಿಗೆ ಉತ್ತರ ಬಾಕಿ ಇದ್ದು ಸುಮ್ಮನೆ ಕಾದ ದಿನಗಳನ್ನು ಅದಕ್ಕೆ ಸೇರಿಸಲ್ಲ. ಹಡಗಿನ ಲೈನ್‌ಗಳು ಮಾಫಿ ಕೊಡಲ್ಲ ಅಂತ ಜಗಳ ಮಾಡೋದೂ ನಿಜ. ಅದಕ್ಕೆ ಗ್ರಾಹಕರಿಗೆ "ಬಾಡಿಗೆ ಮಾಫಿ ಆಗುತ್ತೆ" ಅಂತ ಬರೆಯೋದು ಬೇಡ, ಖರ್ಚು ಯಾರದು ಅಂತ ಪರ್ಚೇಸ್ ಆರ್ಡರ್‌ನಲ್ಲಿ ಏನಿದೆ ನೋಡಿ.

ಮಹೇಶ: ಬಿಲ್ ಆಫ್ ಎಂಟ್ರಿ ತಡವಾಗಿ ಹಾಕಿದ್ರೆ ದಂಡ ಎಷ್ಟು?

ಗುರುಪ್ರಸಾದ್: ಮೊದಲ 3 ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ಹೋದ ವಾರವೂ ಬರೆದಿದ್ದೆ.

ಮಹೇಶ: ಸರ್, ಆಫೀಸರನ್ನ ಭೇಟಿ ಮಾಡಿ ಮಾತಾಡಿದ್ರೆ ಬೇಗ ಆಗಲ್ವಾ?

ಗುರುಪ್ರಸಾದ್: ಯಾವ ಆಫೀಸರು? 2020ರಿಂದ ಫೇಸ್‌ಲೆಸ್, ಮೊದಲು ಶುರುವಾಗಿದ್ದೇ ಬೆಂಗಳೂರು, ಚೆನ್ನೈನಲ್ಲಿ. ನಿಮ್ಮ ಬಿಲ್ ನೋಡೋರು ಬೇರೆ ಊರಲ್ಲಿ ಕೂತಿರಬಹುದು. ಸರಕು ಬಿಚ್ಚಿ ನೋಡೋದು ಮಾತ್ರ ಇಲ್ಲಿ.

ಶಿವಾನಂದ (ಫಾರ್ವರ್ಡ್): ಸೆಕ್ಷನ್ 110A ಹಾಕಿದರೆ 48 ಗಂಟೆಯಲ್ಲಿ ಸರಕು ನಿಮ್ಮ ಮನೆಗೆ!!

ಇಮ್ರಾನ್: ಅಣ್ಣಾ, ಸಾಕು ಮಾಡಪ್ಪ.

ಗುರುಪ್ರಸಾದ್: 110A ಇರೋದು ಜಪ್ತಿ ಆದ ಸರಕನ್ನು ಬಾಂಡ್ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳೋಕೆ. 48 ಗಂಟೆ ಎಲ್ಲಿಂದ ಬಂತು? ಇನ್ನೊಂದು ಫಾರ್ವರ್ಡ್ ಬಂದರೆ ಇಲ್ಲಿ ಉತ್ತರ ಬರೆಯೋದು ನಿಲ್ಲಿಸ್ತೀನಿ.

ಸುಮಾ: ಸರ್, ಆದ್ರೆ ಅವರು ಐಡಿ ಕಾರ್ಡ್ ಕಳಿಸಿದ್ದಾರೆ...

ರೇಖಾ: ಗ್ರಾಹಕರು ಉತ್ತರ ಕೊಟ್ಟರು. ಕನಿಷ್ಠ 15 ಸಾಕಂತೆ. ಅಡಾಪ್ಟರ್ ಇಲ್ಲದೆ ಬರೀ ಸ್ಕ್ಯಾನರ್ ಕೊಟ್ಟರೆ ವಾರಂಟಿ ನಿಲ್ಲುತ್ತಾ ಅಂತ ಕೇಳ್ತಿದ್ದಾರೆ, ಏನು ಹೇಳಲಿ?