ರೂಟರ್ ಇಲ್ಲದ ಕಡೆ ಪ್ರಿಂಟರ್‌ನ ವೈಫೈಗೇ ಫೋನ್, ಲ್ಯಾಪ್‌ಟಾಪ್ ಜೋಡಿಸಿದವರು ಇದ್ದೀರಾ?

ಕೇಳಿದವರು (ಶಿರಸಿ ಹತ್ತಿರ, ಕಣ್ಣಿನ ಶಿಬಿರದ ಸ್ವಯಂಸೇವಕಿ): ಭಾನುವಾರ ಹಳ್ಳಿ ಶಾಲೆಯಲ್ಲಿ ಶಿಬಿರ ಇದೆ, ಅಲ್ಲಿ ವೈಫೈ ಇಲ್ಲ. ಮನೆಯ ಎಚ್‌ಪಿ ಇಂಕ್ ಟ್ಯಾಂಕ್ ಪ್ರಿಂಟರ್ ಒಯ್ಯುತ್ತೇವೆ. ಅದಕ್ಕೆ ಸ್ಕ್ರೀನ್ ಇಲ್ಲ. ಮನೆಯಲ್ಲೇ ರೂಟರ್ ಆಫ್ ಮಾಡಿ ನೋಡಿದೆ. ಫೋನ್ ಪ್ರಿಂಟರ್‌ನ ವೈಫೈಗೆ ಕನೆಕ್ಟ್ ಆಗುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ. ಲ್ಯಾಪ್‌ಟಾಪ್ ಅಂತೂ ಆಫ್‌ಲೈನ್ ಅನ್ನುತ್ತದೆ. ಮೂರು ಜನ ಪ್ರಿಂಟ್ ಕೊಡಬೇಕು, ಹಾಗಾಗಿ ಕೇಬಲ್ ಸಾಲದು. ಯಾರಾದರೂ ಮಾಡಿದ್ದೀರಾ?

ಹುಬ್ಬಳ್ಳಿಯ ಮೊಬೈಲ್ ಅಂಗಡಿಯವರು: ಮೇಡಂ, ಪ್ರಿಂಟರ್‌ನ ವೈಫೈ ಇರುವುದು ಮೊದಲ ಸಲ ಸೆಟಪ್ ಮಾಡುವುದಕ್ಕೆ ಮಾತ್ರ. ಅದರಲ್ಲಿ ಪ್ರಿಂಟ್ ಹೋಗಲ್ಲ. ಸುಮ್ನೆ ಒಂದು ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ, ಪ್ರಿಂಟರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ಸೇರಿಸಿ. ನಾವು ಹಾಗೇ ಮಾಡುವುದು.

ದಾವಣಗೆರೆಯ ಪ್ರಿಂಟರ್ ರಿಪೇರಿಯವರು: ಅಣ್ಣ, ಅರ್ಧ ಸರಿ. ಎಚ್‌ಪಿಯಲ್ಲಿ ಎರಡು ತರದ ಹೆಸರು ಕಾಣುತ್ತವೆ. `HP-Setup` ಅಂತ ಶುರುವಾಗುವುದು ನೀವು ಹೇಳಿದ್ದು. ಅದು ಬರೀ ಸೆಟಪ್‌ಗೆ, ಸುಮಾರು ಎರಡು ಗಂಟೆಗೆ ತಾನೇ ಆಫ್ ಆಗುತ್ತದೆ. `DIRECT-` ಅಂತ ಶುರುವಾಗುವುದು ಬೇರೆ. ಅದು ವೈಫೈ ಡೈರೆಕ್ಟ್, ಅದು ಇರುವುದೇ ಪ್ರಿಂಟ್ ಮಾಡುವುದಕ್ಕೆ. ಒಂದೇ ಸಲಕ್ಕೆ ಐದು ಸಾಧನದವರೆಗೆ ಸೇರಬಹುದು, ಮೇಡಂಗೆ ಮೂರು ಸಾಕಲ್ವಾ.

ಹಾಟ್‌ಸ್ಪಾಟ್ ದಾರಿಯೂ ನಡೆಯುತ್ತದೆ. ಆದರೆ ಇಂಥ ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಫೋನ್‌ನ ಹಾಟ್‌ಸ್ಪಾಟ್ 5ರಲ್ಲಿದ್ದರೆ ಅವು ಅದನ್ನು ನೋಡುವುದೇ ಇಲ್ಲ. ಹಾಟ್‌ಸ್ಪಾಟ್ ಹಾಕಿದ ಫೋನ್ ಹೊರಗೆ ಹೋದರೆ ಎಲ್ಲರ ಪ್ರಿಂಟೂ ನಿಂತಿತು.

ಮೇಡಂ, ಮೊದಲು ಪ್ರಿಂಟರ್ ಮೇಲಿನ `i` ಬಟನ್ ಒತ್ತಿ ಮಾಹಿತಿ ಹಾಳೆ ತೆಗೆಯಿರಿ. ವೈಫೈ ಡೈರೆಕ್ಟ್ ಆನ್ ಇದೆಯಾ, ಹೆಸರೇನು, ಪಾಸ್‌ವರ್ಡ್ ಏನು, ಎಲ್ಲ ಅದರಲ್ಲೇ ಇರುತ್ತದೆ. ಹಳೆಯ ಎಷ್ಟೋ ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ `12345678`. ಊರವರೆಲ್ಲ ಸೇರುವ ಜಾಗ, ಅದನ್ನು ಬದಲಾಯಿಸಿಕೊಂಡರೆ ಒಳ್ಳೆಯದು.

ಫೋನ್ ಕನೆಕ್ಟ್ ಆಗಿಯೂ ಪ್ರಿಂಟ್ ಬರದಿದ್ದರೆ ನನ್ನ ಮೊದಲ ಅನುಮಾನ ಮೊಬೈಲ್ ಡೇಟಾ ಮೇಲೆ. ಪ್ರಿಂಟರ್‌ನ ವೈಫೈಯಲ್ಲಿ ಇಂಟರ್ನೆಟ್ ಇಲ್ಲ. ಇದು ಫೋನ್‌ಗೆ ಗೊತ್ತಾದ ಕೂಡಲೇ "ಇಂಟರ್ನೆಟ್ ಇಲ್ಲ, ಆದರೂ ಇರಬೇಕಾ" ಅಂತ ಕೇಳುತ್ತದೆ. ಅವಸರದಲ್ಲಿ ಬೇಡ ಅಂದರೆ ಅಥವಾ ಹಾಗೇ ಬಿಟ್ಟರೆ ಎಲ್ಲವನ್ನೂ ಡೇಟಾ ಕಡೆ ಕಳಿಸುತ್ತದೆ. ಮೇಲೆ ವೈಫೈ ಗುರುತು ಇರುತ್ತದೆ, ಒಳಗೆ ಪ್ರಿಂಟ್ ಟವರ್ ಕಡೆ ಹೋಗಿ ಕಳೆದುಹೋಗಿರುತ್ತದೆ. ಡೇಟಾ ಆಫ್ ಮಾಡಿ, ಮತ್ತೆ ಸೇರಿಸಿ, ಇರಲಿ ಅನ್ನಿ. ಆಮೇಲೆ ಫೋನ್‌ನ ಬ್ರೌಸರ್‌ನಲ್ಲಿ ಇದನ್ನು ಹೊಡೆಯಿರಿ:

```
http://192.168.223.1
```

ವೈಫೈ ಡೈರೆಕ್ಟ್‌ನಲ್ಲಿ ಎಚ್‌ಪಿ ಪ್ರಿಂಟರ್ ಇರುವುದು ಈ ವಿಳಾಸದಲ್ಲಿ. ಪ್ರಿಂಟರ್‌ನ ಪುಟ ತೆರೆದರೆ ದಾರಿ ಸರಿ ಇದೆ, ತಪ್ಪಿರುವುದು ಪ್ರಿಂಟ್ ಕೊಡುವ ಆ್ಯಪ್‌ನಲ್ಲಿ. ತೆರೆಯದಿದ್ದರೆ ಫೋನ್ ಇನ್ನೂ ಬೇರೆ ದಾರಿಯಲ್ಲಿದೆ, ಆ್ಯಪ್ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನ ಇಲ್ಲ. ಪಾಸ್‌ವರ್ಡ್ ಬದಲಾಯಿಸುವ ಜಾಗವೂ ಇದೇ ಪುಟದಲ್ಲಿದೆ.

ಮೈಸೂರಿನ ಒಬ್ಬರು: ನಮ್ಮನೆಯಲ್ಲೂ ಇದೇ ಗೋಳು! ಹೋದ ತಿಂಗಳು ವೈಫೈ ಪಾಸ್‌ವರ್ಡ್ ಬದಲಾಯಿಸಿದೆವು, ಅವತ್ತಿನಿಂದ ಪ್ರಿಂಟರ್‌ನ ನೀಲಿ ಲೈಟ್ ಮಿಣುಕುತ್ತಲೇ ಇದೆ. ರೂಟರ್ ಪಕ್ಕದಲ್ಲೇ ಇಟ್ಟಿದ್ದೇನೆ, ಆದರೂ ಸಿಗುತ್ತಿಲ್ಲ.

ದಾವಣಗೆರೆಯವರು: ಸರ್, ನಿಮ್ಮದು ಬೇರೆ ಕಥೆ. ಪ್ರಿಂಟರ್ ಇನ್ನೂ ಹಳೆಯ ಪಾಸ್‌ವರ್ಡ್ ಹಿಡಿದು ಕೂತಿದೆ. ವೈಫೈ ಸೆಟ್ಟಿಂಗ್ ರೀಸೆಟ್ ಮಾಡಿ ಹೊಸದಾಗಿ ಸೇರಿಸಿ. ಮೇಲೆ ಹೇಳಿದ `HP-Setup` ಬರುವುದು ಆಗಲೇ.

ಮಂಗಳೂರಿನ ಲೆಕ್ಕಪತ್ರ ಕಚೇರಿಯವರು: ಲ್ಯಾಪ್‌ಟಾಪ್ ಬಗ್ಗೆ ನಾನು ಹೇಳುತ್ತೇನೆ, ಕಕ್ಷಿದಾರರ ಗೋದಾಮಿಗೆ ಹೋದಾಗಲೆಲ್ಲ ನಮಗೆ ಇದೇ ಕೆಲಸ. ಮನೆಯಲ್ಲಿ ಸೇರಿಸಿದ ಪ್ರಿಂಟರ್‌ಗೆ ವಿಂಡೋಸ್ ಮನೆಯ ವಿಳಾಸವನ್ನೇ ಬರೆದುಕೊಂಡಿರುತ್ತದೆ. ಪ್ರಿಂಟರ್ ಎದುರಿಗೇ ಇದ್ದರೂ ಅದು ಆ ಹಳೆಯ ವಿಳಾಸದಲ್ಲೇ ಹುಡುಕುತ್ತದೆ, ಸಿಗದೆ ಆಫ್‌ಲೈನ್ ಅನ್ನುತ್ತದೆ.

ಹಳೆಯದನ್ನು ಅಳಿಸಬೇಡಿ, ಮನೆಗೆ ಹೋದಾಗ ಬೇಕಾಗುತ್ತದೆ. ಅದೇ ಪ್ರಿಂಟರ್ ಅನ್ನು ಎರಡನೇ ಸಲ ಸೇರಿಸಿ. ಲ್ಯಾಪ್‌ಟಾಪ್ ಅನ್ನು `DIRECT-` ವೈಫೈಗೆ ಜೋಡಿಸಿದ ಮೇಲೆ `Printers & scanners` ಒಳಗೆ `Add device` ಒತ್ತಿ, ಸ್ವಲ್ಪ ಕಾಯಿರಿ, `Add manually` ಅಂತ ಬರುತ್ತದೆ. ಅದರಲ್ಲಿ ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ತೆಗೆದುಕೊಂಡು `192.168.223.1` ಕೊಡಿ. ಡ್ರೈವರ್ ಕೇಳಿದರೆ ಈಗಾಗಲೇ ಇರುವುದನ್ನೇ ಬಳಸು ಅನ್ನಿ. ಹೆಸರು "ಶಿಬಿರ" ಅಂತ ಇಟ್ಟುಬಿಡಿ, ಗೊಂದಲ ಆಗಲ್ಲ. ಇದನ್ನೆಲ್ಲ ಮನೆಯಲ್ಲೇ ಮುಗಿಸಿ. ಹೊಸ ಲ್ಯಾಪ್‌ಟಾಪ್ ಆದರೆ ಡ್ರೈವರ್ ಡೌನ್‌ಲೋಡ್ ಬೇಕಾಗಬಹುದು. ಶಾಲೆಯಲ್ಲಿ ಪ್ರಿಂಟರ್‌ನ ವೈಫೈಗೆ ಸೇರಿದ ಮೇಲೆ ಇಂಟರ್ನೆಟ್ ಎಲ್ಲಿಂದ ತರುತ್ತೀರಿ?

ಕೇಳಿದವರು: ಡೇಟಾ ಆಫ್ ಮಾಡಿದೆ, ನನ್ನ ಫೋನ್‌ನಿಂದ ಚೀಟಿ ಬಂತು! ಲ್ಯಾಪ್‌ಟಾಪ್ ಕೂಡ "ಶಿಬಿರ" ಹೆಸರಿನಲ್ಲಿ ಪ್ರಿಂಟ್ ಕೊಟ್ಟಿತು. ಇನ್ನೊಂದು ತೊಡಕು. ರೋಗಿಗಳ ಪಟ್ಟಿ ಗೂಗಲ್ ಶೀಟ್‌ನಲ್ಲಿದೆ. ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ಟೂ ಬೇಕು, ಪ್ರಿಂಟರ್ರೂ ಬೇಕು. ಪ್ರತಿ ಸಲ ವೈಫೈ ಬದಲಾಯಿಸುತ್ತಾ ಕೂರುವುದಾ?

ಮಂಗಳೂರಿನವರು: ಬೇಡ. ಒಂದು ಫೋನ್ ಅನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಇಂಟರ್ನೆಟ್ ಕೇಬಲ್‌ನಲ್ಲಿ ಬರುತ್ತದೆ, ವೈಫೈ ಪ್ರಿಂಟರ್‌ಗೆ ಉಳಿಯುತ್ತದೆ. ಎರಡೂ ಒಟ್ಟಿಗೆ ನಡೆಯುತ್ತವೆ. ಆ ಫೋನ್‌ನಲ್ಲಿ ಡೇಟಾ ಆನ್ ಇರಲೇಬೇಕು, ಹಾಗಾಗಿ ಪ್ರಿಂಟ್ ಕೊಡುವ ಫೋನ್ ಬೇರೆ ಇರಲಿ. ಚಾರ್ಜರ್ ತರದ ಕೆಲವು ಕೇಬಲ್‌ಗಳಲ್ಲಿ ಕರೆಂಟ್ ಮಾತ್ರ ಹೋಗುತ್ತದೆ, ಟೆಥರಿಂಗ್ ಆಯ್ಕೆ ಮಸುಕಾಗಿ ಕಂಡರೆ ಕೇಬಲ್ ಬದಲಾಯಿಸಿ ನೋಡಿ.

ಹುಬ್ಬಳ್ಳಿಯವರು: ಇದು ನನಗೂ ಹೊಸದು. ಆದರೂ ಹಾಟ್‌ಸ್ಪಾಟ್ ಆದರೆ ಇಂಟರ್ನೆಟ್, ಪ್ರಿಂಟ್ ಎರಡೂ ಒಂದೇ ಕಡೆ ಸಿಗ್ತಿತ್ತಲ್ವಾ?

ದಾವಣಗೆರೆಯವರು: ಸಿಗುತ್ತದೆ ಅಣ್ಣ, ಇಲ್ಲ ಅನ್ನಲ್ಲ. ಆ ಹಳ್ಳಿಯಲ್ಲಿ ಸಿಗ್ನಲ್ ಚೆನ್ನಾಗಿದ್ದು, ಒಂದು ಫೋನ್ ಅನ್ನು ದಿನವಿಡೀ ಟೇಬಲ್ ಮೇಲೆ ಚಾರ್ಜ್‌ಗೆ ಹಾಕಿ ಇಡುವ ಹಾಗಿದ್ದರೆ ನಿಮ್ಮ ದಾರಿಯೇ ಸುಲಭ. ಎಚ್‌ಪಿ ಪ್ಲಸ್‌ಗೆ ಸೇರಿಸಿದ ಪ್ರಿಂಟರ್ ಆದರೆ ಅದಕ್ಕೆ ಇಂಟರ್ನೆಟ್ ಬೇಕೇ ಬೇಕು, ಅಲ್ಲಿ ವೈಫೈ ಡೈರೆಕ್ಟ್ ನಂಬಿಕೊಂಡು ಹೋಗುವುದು ಕಷ್ಟ. ಮಾಡೆಲ್ ಹೆಸರಿನ ಕೊನೆಗೆ ಸಣ್ಣ `e` ಇದೆಯಾ ನೋಡಿಕೊಳ್ಳಿ.

ಕೇಳಿದವರು: `e` ಇಲ್ಲ, ಬದುಕಿದೆ. ಟೆಥರಿಂಗ್ ಕೂಡ ಆಯಿತು. ಆದರೆ ನಮ್ಮ ಇನ್ನೊಬ್ಬ ಸ್ವಯಂಸೇವಕರ ಫೋನ್ ಇನ್ನೂ ಹಟ ಮಾಡುತ್ತಿದೆ. ಡೇಟಾ ಆಫ್ ಇದೆ, ವೈಫೈ ಸೇರಿದೆ, ಆದರೂ ಆ ಪುಟ ತೆರೆಯುವುದಿಲ್ಲ.

ದಾವಣಗೆರೆಯವರು: ಅವರ ಫೋನ್‌ನಲ್ಲಿ ವಿಪಿಎನ್ ಆ್ಯಪ್ ಏನಾದರೂ ಓಡುತ್ತಿದೆಯಾ? ಮೇಲೆ ಸಣ್ಣ ಕೀಲಿಕೈ ಗುರುತು ಕಾಣುತ್ತದೆ. ಇದ್ದರೆ ಆಫ್ ಮಾಡಿಸಿ ನೋಡಿ. ಇಲ್ಲದಿದ್ದರೆ ಆ ವೈಫೈ ಹೆಸರನ್ನು `Forget` ಮಾಡಿ ಮತ್ತೆ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ಫೋನ್ ಕೈಯಲ್ಲಿ ಹಿಡಿದು ನೋಡದೆ ಹೇಳುವುದು ಕಷ್ಟ. ಅವರ ಪಿಡಿಎಫ್‌ಗಳನ್ನು ಬ್ಲೂಟೂತ್‌ನಲ್ಲಿ ನಿಮ್ಮ ಫೋನ್‌ಗೆ ಕಳಿಸಲಿ, ಪ್ರಿಂಟ್ ನೀವೇ ಕೊಡಿ.

ಕೇಳಿದವರು: ಕೀಲಿಕೈ ಗುರುತು ಕಾಣುತ್ತಿಲ್ಲವಂತೆ. `Forget` ಮಾಡಿ ನೋಡಲು ಹೇಳಿದ್ದೇನೆ, ಅವರು ಸಂಜೆ ಸಿಗುತ್ತಾರೆ.